ಕ್ರಿಯಾಟಿನಿನ್ 1.1 ಸಹಜವಂತೆ, ಇಜಿಎಫ್‌ಆರ್ 57 ಕಡಿಮೆಯಂತೆ: ಒಂದೇ ವರದಿಯಲ್ಲಿ ಎರಡು ಮಾತು ಏಕೆ?

ನೀಲಿಪೆನ್ನು:
ನನ್ನ ತಾಯಿಗೆ 62 ವರ್ಷ. ಹತ್ತು ವರ್ಷಗಳಿಂದ ರಕ್ತದೊತ್ತಡಕ್ಕೆ ದಿನಕ್ಕೊಂದು ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ. ಸಕ್ಕರೆ ಕಾಯಿಲೆ ಇಲ್ಲ. ಕಳೆದ ವಾರ ಮಾಡಿಸಿದ ರಕ್ತಪರೀಕ್ಷೆಯಲ್ಲಿ ಕ್ರಿಯಾಟಿನಿನ್ ಡೆಸಿಲೀಟರಿಗೆ 1.1 ಮಿಲಿಗ್ರಾಂ ಎಂದಿದೆ. ಪಕ್ಕದಲ್ಲಿ ಸಹಜ ವ್ಯಾಪ್ತಿ 0.6ರಿಂದ 1.2 ಎಂದು ಮುದ್ರಿಸಿರುವುದರಿಂದ ಅದಕ್ಕೆ ಯಾವ ಗುರುತೂ ಇಲ್ಲ. ಆದರೆ ಅದರ ಕೆಳಗಿನ ಸಾಲಿನಲ್ಲೇ ಮೂತ್ರಪಿಂಡದ ಸೋಸುವಿಕೆಯ ಅಂದಾಜಾದ ಇಜಿಎಫ್‌ಆರ್ 57 ಎಂದು ದಪ್ಪ ಅಕ್ಷರದಲ್ಲಿ ಹಾಕಿ, ಕೆಳಮುಖದ ಬಾಣವನ್ನೂ ಇಟ್ಟಿದ್ದಾರೆ. ಹುಡುಕಿ ನೋಡಿದರೆ 60ಕ್ಕಿಂತ ಕಡಿಮೆ ಎಂದರೆ ಮೂತ್ರಪಿಂಡ ಕಾಯಿಲೆಯ ಮೂರನೆಯ ಹಂತ ಎಂದು ಬರುತ್ತದೆ. ಮೊದಲನೆಯ ಹಂತವೂ ಎರಡನೆಯ ಹಂತವೂ ಯಾವಾಗ ಬಂದು ಹೋದವು? ಕಾಲು ಊದಿಲ್ಲ, ಮೂತ್ರಕ್ಕೆ ತೊಂದರೆಯಿಲ್ಲ. "ನನಗೇನೂ ಆಗಿಲ್ಲ, ಕಾಗದಕ್ಕೆ ಕಾಯಿಲೆ ಬಂದಿದೆ" ಎಂದು ಅಮ್ಮ ನಗುತ್ತಾರೆ. ನನಗೆ ನಗು ಬರುತ್ತಿಲ್ಲ. ಒಂದೇ ರಕ್ತದಿಂದ ಬಂದ ಎರಡು ಸಾಲುಗಳಲ್ಲಿ ಯಾವುದನ್ನು ನಂಬಬೇಕು?

ಬೆಳಗಿನನಡಿಗೆ:
ನೀರು ಸಾಲದೆ ಹೀಗಾಗಿದೆ. ದಿನಕ್ಕೆ ನಾಲ್ಕು ಲೀಟರ್ ಕುಡಿಸಿ ಒಂದು ವಾರದ ಮೇಲೆ ಮತ್ತೆ ಪರೀಕ್ಷಿಸಿ, ಎಲ್ಲ ಸರಿಯಾಗಿರುತ್ತದೆ.

ಸಂಶಯಾತ್ಮ:
ಅಳೆದದ್ದು ಕ್ರಿಯಾಟಿನಿನ್ ಒಂದನ್ನೇ. ಇಜಿಎಫ್‌ಆರ್ ಎಂಬುದನ್ನು ಯಾರೂ ಅಳೆಯುವುದಿಲ್ಲ; ಅದೇ ಕ್ರಿಯಾಟಿನಿನ್ನಿಗೆ ವಯಸ್ಸು ಮತ್ತು ಲಿಂಗವನ್ನು ಸೇರಿಸಿ ಗಣಕಯಂತ್ರ ಹಾಕಿದ ಲೆಕ್ಕ ಅದು. ಅಳೆದದ್ದು ಸಹಜವಾಗಿದ್ದ ಮೇಲೆ ಲೆಕ್ಕ ಹಾಕಿದ್ದನ್ನು ನೋಡಿ ಹೆದರುವುದು ಕನ್ನಡಿಯನ್ನು ಬಿಟ್ಟು ನೆರಳನ್ನು ನೋಡಿದಂತೆ. ಸುಮ್ಮನಿರಿ ಎನ್ನುವುದೇ ನನ್ನ ಸಲಹೆ.

ಇಳಿಹೊಳೆ:
ನಾನು ಮೂತ್ರಪಿಂಡ ವಿಭಾಗದಲ್ಲಿ ಕೆಲಸ ಮಾಡುವ ವೈದ್ಯೆ. ರೋಗಿಯನ್ನು ನೋಡದೆ ರೋಗ ನಿರ್ಣಯ ಮಾಡಲಾರೆ, ಆದರೆ ಈ ಎರಡು ಸಾಲುಗಳ ಜಗಳವನ್ನು ಬಿಡಿಸಬಲ್ಲೆ.

ಸಂಶಯಾತ್ಮ ಅವರ ಮೊದಲರ್ಧ ಸರಿ, ಎರಡನೆಯರ್ಧ ತಪ್ಪು. ಇಜಿಎಫ್‌ಆರ್ ಲೆಕ್ಕವೇ ಹೌದು. ಆದರೆ ಆ "0.6ರಿಂದ 1.2" ಎಂಬ ವ್ಯಾಪ್ತಿಗೆ ನಿಮ್ಮ ತಾಯಿಯ ವಯಸ್ಸೂ ಗೊತ್ತಿಲ್ಲ, ಅವರು ಹೆಣ್ಣೋ ಗಂಡೋ ಎಂಬುದೂ ಗೊತ್ತಿಲ್ಲ. ಕ್ರಿಯಾಟಿನಿನ್ ಹುಟ್ಟುವುದು ಸ್ನಾಯುಗಳಲ್ಲಿ. ಸ್ನಾಯು ಹೆಚ್ಚಿದ್ದವರಲ್ಲಿ ದಿನಕ್ಕೆ ಹೆಚ್ಚು ಹುಟ್ಟುತ್ತದೆ, ಕಡಿಮೆ ಇದ್ದವರಲ್ಲಿ ಕಡಿಮೆ ಹುಟ್ಟುತ್ತದೆ. ಎರಡೂ ಕಡೆ ಅದನ್ನು ಹೊರಹಾಕುವ ಕೆಲಸ ಮಾತ್ರ ಮೂತ್ರಪಿಂಡದ್ದು. ಹಾಗಾಗಿ ಗಟ್ಟಿಮುಟ್ಟಾದ ಯುವಕನಲ್ಲಿ 1.1 ಎಂದರೆ ಸೋಸುವಿಕೆ ಚೆನ್ನಾಗಿದೆ ಎಂದೇ ಅರ್ಥ, ಆದರೆ ಸ್ನಾಯು ಕಡಿಮೆಯಿರುವ 62ರ ಹೆಂಗಸಿನಲ್ಲಿ ಅದೇ 1.1 ಇರಬೇಕಾದರೆ ಸೋಸುವಿಕೆ ಸಾಕಷ್ಟು ನಿಧಾನವಾಗಿರಬೇಕು. ವರದಿಯ ಎರಡು ಸಾಲುಗಳು ಒಂದಕ್ಕೊಂದು ವಿರುದ್ಧವಾಗಿಲ್ಲ. ಮೊದಲನೆಯದು ಯಾರ ರಕ್ತ ಎಂದು ಕೇಳಿಲ್ಲ, ಎರಡನೆಯದು ಕೇಳಿದೆ.

ಆದರೂ ಒಂದೇ ಒಂದು ಪರೀಕ್ಷೆಯಿಂದ "ಮೂರನೆಯ ಹಂತ" ಎಂದು ಯಾರೂ ಹೇಳಬಾರದು. ದೀರ್ಘಕಾಲದ ಕಾಯಿಲೆ ಎನ್ನಬೇಕಾದರೆ ಈ ಸ್ಥಿತಿ ಕನಿಷ್ಠ ಮೂರು ತಿಂಗಳು ಉಳಿದಿರಬೇಕು. ನನಗೆ ಮೂರು ವಿಷಯ ಬೇಕು. ಹಿಂದಿನ ವರ್ಷಗಳ ವರದಿಗಳಿವೆಯೇ? ನೋವಿನ ಮಾತ್ರೆಗಳನ್ನು, ಅಂಗಡಿಯಿಂದ ನೇರವಾಗಿ ತಂದವನ್ನೂ ಸೇರಿಸಿ, ತೆಗೆದುಕೊಳ್ಳುತ್ತಾರೆಯೇ? ಮೂತ್ರದಲ್ಲಿ ಸೋರುವ ಆಲ್ಬುಮಿನ್ ಎಂಬ ಪ್ರೋಟೀನನ್ನು ಅಳತೆ ಮಾಡಿಸಿದ್ದಾರೆಯೇ?

ತುಂಬೆಹೂ:
57 ಎಂದರೆ ಮೂತ್ರಪಿಂಡ ಶೇಕಡ 57 ಕೆಲಸ ಮಾಡುತ್ತಿದೆ, ಉಳಿದ 43 ಹೋಗಿದೆ ಎಂದಲ್ಲವೇ? ಹಾಗಾದರೆ ಡಯಾಲಿಸಿಸ್‌ಗೆ ಹೆಸರು ಬರೆಸುವುದು ಯಾವಾಗ? ನನ್ನ ಸೋದರಮಾವನಿಗೆ ಕೊನೆಯ ಕ್ಷಣದಲ್ಲಿ ಓಡಾಡಬೇಕಾಯಿತು, ಆದ್ದರಿಂದ ಕೇಳುತ್ತಿದ್ದೇನೆ.

ಇಳಿಹೊಳೆ:
ತುಂಬೆಹೂ ಅವರೇ, ಅದು ಶೇಕಡಾವಾರು ಅಲ್ಲ; ನಿಮಿಷಕ್ಕೆ ಎಷ್ಟು ಮಿಲಿಲೀಟರ್ ರಕ್ತದ್ರವ ಸೋಸಲ್ಪಡುತ್ತದೆ ಎಂಬ ಅಂದಾಜು, ಅದೂ ಎಲ್ಲರ ದೇಹವೂ 1.73 ಚದರ ಮೀಟರ್ ಮೇಲ್ಮೈ ಹೊಂದಿದೆ ಎಂದು ಭಾವಿಸಿ ಹಾಕಿದ ಅಂದಾಜು. ರೋಗಿಗೆ ಬೇಗ ಅರ್ಥವಾಗಲೆಂದು ನಾವೇ ಕೆಲವೊಮ್ಮೆ "ಶೇಕಡ" ಎಂದುಬಿಡುತ್ತೇವೆ, ತಪ್ಪು ನಮ್ಮದೂ ಇದೆ. ಡಯಾಲಿಸಿಸ್ ವಿಚಾರ ಬರುವುದು ಈ ಸಂಖ್ಯೆ 15ಕ್ಕಿಂತ ಕೆಳಗಿಳಿದ ಮೇಲೆ, ಅಲ್ಲಿಯೂ ರೋಗಲಕ್ಷಣಗಳನ್ನು ನೋಡಿಕೊಂಡು. 57ರ ಆಸುಪಾಸಿನಲ್ಲಿರುವ ಬಹುಪಾಲು ಜನ ಅಲ್ಲಿಯವರೆಗೆ ಹೋಗುವುದೇ ಇಲ್ಲ.

ಗಾಜಿನನಳಿಕೆ:
ರಕ್ತ ಪರೀಕ್ಷಾಲಯದಲ್ಲಿ ಹದಿನೆಂಟು ವರ್ಷದಿಂದ ಇದ್ದೇನೆ. ಯಂತ್ರದ ಈಚೆಗೆ ನಿಂತವರಿಗೆ ಕಾಣದ ಒಂದು ವಿಷಯವನ್ನು ಹೇಳುತ್ತೇನೆ. ವರದಿಯಲ್ಲಿ 1.1 ಎಂದು ಒಂದೇ ದಶಮಾಂಶ ಸ್ಥಾನ ಮುದ್ರಿಸಿದ್ದಾರೆ, ಯಂತ್ರ ಕೊಡುವುದು ಎರಡು ಸ್ಥಾನ. 1.05 ಬಂದರೂ 1.1, 1.14 ಬಂದರೂ 1.1. ಈಗ ಚಾಲ್ತಿಯಲ್ಲಿರುವ 2021ರ ಸೂತ್ರ ಹೆಂಗಸರಿಗೆ, ಕ್ರಿಯಾಟಿನಿನ್ 0.7ಕ್ಕಿಂತ ಹೆಚ್ಚಿದ್ದಾಗ, ಹೀಗಿದೆ:

```
eGFR = 142 × (Scr/0.7)^-1.200 × 0.9938^age × 1.012
```

62 ವರ್ಷ ಹಾಕಿ ನೋಡಿ. 1.05ಕ್ಕೆ 60 ಬರುತ್ತದೆ, 1.14ಕ್ಕೆ 54 ಬರುತ್ತದೆ. ಅಂದರೆ ಕಾಗದದ ಮೇಲೆ ಒಂದೇ ಆಗಿ ಕಾಣುವ 1.1 ಒಬ್ಬರನ್ನು 60ರ ಗೆರೆಯ ಮೇಲೂ ಇನ್ನೊಬ್ಬರನ್ನು ಸಾಕಷ್ಟು ಕೆಳಗೂ ಕೂರಿಸಬಹುದು. ಇದರ ಮೇಲೆ, ಆರೋಗ್ಯವಂತರಲ್ಲೂ ಕ್ರಿಯಾಟಿನಿನ್ ದಿನದಿಂದ ದಿನಕ್ಕೆ ಸ್ವಲ್ಪ ಏರಿಳಿಯುತ್ತದೆ. ಹಿಂದಿನ ರಾತ್ರಿ ಬೇಯಿಸಿದ ಮಾಂಸ ಹೆಚ್ಚು ತಿಂದಿದ್ದರೂ ಏರುತ್ತದೆ. ಆದ್ದರಿಂದ 57 ಮತ್ತು 61ರ ನಡುವಿನ ಅಂತರಕ್ಕೆ ಅಳುವುದೂ ಬೇಡ, ನಗುವುದೂ ಬೇಡ.

ಸಂಶಯಾತ್ಮ:
ಅಲ್ಲಿಗೆ ನನ್ನ ಮಾತೇ ನಿಂತಿತು. ನನ್ನ ದೂರವಾಣಿಯ ಹಳೆಯ ಲೆಕ್ಕದ ಆ್ಯಪ್‌ನಲ್ಲಿ ಇದೇ 1.1, ಇದೇ 62, ಹೆಂಗಸು ಎಂದು ಹಾಕಿದರೆ 50 ಬಂದಿತು. ವರದಿ 57 ಎನ್ನುತ್ತದೆ. ಏಳು ಅಂಕ ಆಚೀಚೆ ಆಗುವ ಸಂಖ್ಯೆಯನ್ನು ಇಟ್ಟುಕೊಂಡು ಹಂತ ಹಂತ ಎಂದು ಬರೆಯುವುದು ವಿಜ್ಞಾನವೇ?

ಗಾಜಿನನಳಿಕೆ:
ನಿಮ್ಮ ಆ್ಯಪ್ 1999ರ ಎಂಡಿಆರ್‌ಡಿ ಸೂತ್ರದ ಮೇಲೆ ನಿಂತಿದೆ. ಅದನ್ನು ಕಟ್ಟಿದ್ದು ಈಗಾಗಲೇ ಮೂತ್ರಪಿಂಡ ಕಾಯಿಲೆ ಇದ್ದವರ ಅಳತೆಗಳಿಂದ, ಹಾಗಾಗಿ ಸಹಜಕ್ಕೆ ಹತ್ತಿರವಿರುವವರಲ್ಲಿ ಅದು ಕಡಿಮೆ ತೋರಿಸುತ್ತದೆ. ಸೂತ್ರ ಬದಲಾದಾಗ ಸಂಖ್ಯೆ ಬದಲಾಗುತ್ತದೆ, ಮೂತ್ರಪಿಂಡ ಬದಲಾಗುವುದಿಲ್ಲ. ಎರಡು ವರ್ಷಗಳ ಇಜಿಎಫ್‌ಆರ್ ಹೋಲಿಸುವವರು ಎರಡೂ ಒಂದೇ ಸೂತ್ರದಿಂದ ಬಂದವೇ ಎಂದು ಮೊದಲು ನೋಡಬೇಕು. ಇಲ್ಲದಿದ್ದರೆ ಕ್ರಿಯಾಟಿನಿನ್ನನ್ನೇ ತೆಗೆದುಕೊಂಡು ಎರಡಕ್ಕೂ ಒಂದೇ ಸೂತ್ರದಲ್ಲಿ ಮತ್ತೆ ಲೆಕ್ಕ ಹಾಕಬೇಕು.

ಇಳಿಹೊಳೆ:
ಸಂಶಯಾತ್ಮ ಅವರ ಅಸಮಾಧಾನವನ್ನು ನಾನು ಪೂರ್ತಿ ತಳ್ಳಿಹಾಕುವುದಿಲ್ಲ. ನೇರವಾಗಿ ಅಳೆದ ಸೋಸುವಿಕೆಯೊಂದಿಗೆ ಹೋಲಿಸಿದಾಗ ಇಂದಿನ ಒಳ್ಳೆಯ ಸೂತ್ರವೂ ಹತ್ತರಲ್ಲಿ ಒಬ್ಬಿಬ್ಬರಲ್ಲಿ ಶೇಕಡ 30ಕ್ಕಿಂತ ಹೆಚ್ಚು ತಪ್ಪುತ್ತದೆ. ಆದರೆ ತಪ್ಪುವ ರೀತಿಯನ್ನು ಗಮನಿಸಿ. ಒಬ್ಬರಲ್ಲಿ ಹೆಚ್ಚಾಗಿ ತೋರಿಸುವ ಸೂತ್ರ, ಅವರ ಸ್ನಾಯು ಬದಲಾಗದಿರುವವರೆಗೆ, ಮುಂದಿನ ಸಲವೂ ಹೆಚ್ಚಾಗಿಯೇ ತೋರಿಸುತ್ತದೆ. ಆದ್ದರಿಂದ ಒಂದು ಸಂಖ್ಯೆ ಎಷ್ಟು ನಿಜ ಎಂಬುದಕ್ಕಿಂತ, ಅದೇ ವ್ಯಕ್ತಿಯಲ್ಲಿ ಅದು ಯಾವ ಕಡೆಗೆ ಸರಿಯುತ್ತಿದೆ ಎಂಬುದು ಹೆಚ್ಚು ನಂಬಲರ್ಹ. ಹಳೆಯ ವರದಿಗಳನ್ನು ಕೇಳಿದ್ದು ಅದಕ್ಕೇ.

ನೀಲಿಪೆನ್ನು:
ಹಳೆಯ ಕಡತ ಹುಡುಕಿದೆ. ಮೂರು ವರ್ಷಗಳ ಹಿಂದೆ, 59ನೆಯ ವಯಸ್ಸಿನಲ್ಲಿ, ಅಮ್ಮನ ಕ್ರಿಯಾಟಿನಿನ್ 0.8 ಇತ್ತು. ಆಗಲೂ ಸಹಜ, ಈಗಲೂ ಸಹಜ ಎಂದೇ ಮುದ್ರಿತವಾಗಿದೆ. ನಡುವಿನ ವರ್ಷಗಳಲ್ಲಿ ಮಾಡಿಸಿಲ್ಲ.

ನೋವಿನ ಮಾತ್ರೆಯ ಬಗ್ಗೆ ಕೇಳಿದಾಗ ಮೊದಲು "ಇಲ್ಲ" ಎಂದರು. ಸ್ವಲ್ಪ ಹೊತ್ತಿನ ಮೇಲೆ "ಮಂಡಿಗೆ ತೆಗೆದುಕೊಳ್ಳುವುದು ಮಾತ್ರೆ ಎಂದಾಗುತ್ತದೆಯೇ?" ಎಂದು ಕೇಳಿದರು. ಕಳೆದ ಎರಡು ತಿಂಗಳಿಂದ ಡೈಕ್ಲೊಫೆನಾಕ್, ವಾರದಲ್ಲಿ ನಾಲ್ಕೈದು ದಿನ. ಮೂತ್ರದ ವರದಿಯಲ್ಲಿ "ಆಲ್ಬುಮಿನ್: ಇಲ್ಲ" ಎಂದಿದೆ, ಆದ್ದರಿಂದ ಅದು ಸರಿಯಿದೆ ಎಂದುಕೊಂಡಿದ್ದೇನೆ.

ಇಳಿಹೊಳೆ:
ಈ ಪುಟದಲ್ಲಿ ಇದುವರೆಗೆ ಬಂದ ಸಂಖ್ಯೆಗಳಲ್ಲೆಲ್ಲ ಮುಖ್ಯವಾದದ್ದು ಆ 0.8. ಅದೇ ಸೂತ್ರದಲ್ಲಿ 59ನೆಯ ವಯಸ್ಸಿಗೆ 0.8 ಎಂದರೆ 85 ಬರುತ್ತದೆ. ಅಂದರೆ ಎರಡೂ ಸಲ "ಸಹಜ" ಎಂಬ ಮುದ್ರೆ ಬಿದ್ದಿರುವಾಗಲೇ ಅಂದಾಜು ಸೋಸುವಿಕೆ 85ರಿಂದ 57ಕ್ಕೆ, ಮೂರನೆಯ ಒಂದು ಭಾಗದಷ್ಟು, ಇಳಿದಿದೆ. ಶೇಕಡ 20ಕ್ಕಿಂತ ಹೆಚ್ಚಿನ ಇಳಿಕೆಯನ್ನು ದಿನನಿತ್ಯದ ಏರಿಳಿತವೆಂದು ಬಿಡಲಾಗದು.

ಕ್ರಿಯಾಟಿನಿನ್ನಿನ ಮೋಸ ಇರುವುದು ಇಲ್ಲೇ. ಸೋಸುವಿಕೆ ಅರ್ಧವಾದರೆ ಕ್ರಿಯಾಟಿನಿನ್ ಸರಿಸುಮಾರು ಎರಡರಷ್ಟಾಗುತ್ತದೆ. ಆದ್ದರಿಂದ ಆರಂಭದಲ್ಲಿ, 0.8ರ ಹತ್ತಿರ, ಒಂದೆರಡು ದಶಮಾಂಶ ಏರಿದರೆ ಸೋಸುವಿಕೆಯ ದೊಡ್ಡ ಪಾಲು ಹೋಗಿರುತ್ತದೆ; ಕಾಯಿಲೆ ಬಹಳ ಮುಂದುವರಿದ ಮೇಲೆ 4ರಿಂದ 5ಕ್ಕೆ ಏರಿದರೂ ಹೋಗುವುದು ಕೆಲವೇ ಮಿಲಿಲೀಟರ್. ಜನ ಹೆದರುವುದು ಆ ಎರಡನೆಯ ಏರಿಕೆಗೆ. ಉಳಿಸಿಕೊಳ್ಳಲು ಹೆಚ್ಚು ಅವಕಾಶವಿರುವುದು ಮೊದಲನೆಯದರಲ್ಲಿ.

ಡೈಕ್ಲೊಫೆನಾಕ್ ವಿಚಾರ. ಸೋಸುವ ಸೂಕ್ಷ್ಮ ರಕ್ತನಾಳಗಳ ಗಂಟಿಗೆ ಒಂದು ಒಳದಾರಿ ಇದೆ, ಒಂದು ಹೊರದಾರಿ ಇದೆ. ರಕ್ತದ ಹರಿವು ಕಡಿಮೆಯಾದಾಗ ಒಳದಾರಿಯನ್ನು ಅಗಲವಾಗಿ ಹಿಡಿದಿಡುವ ರಾಸಾಯನಿಕವನ್ನು ಮೂತ್ರಪಿಂಡ ತಾನೇ ತಯಾರಿಸಿಕೊಳ್ಳುತ್ತದೆ. ಈ ಗುಂಪಿನ ನೋವಿನ ಮಾತ್ರೆಗಳು ಅದನ್ನು ತಡೆಯುತ್ತವೆ. ಒಳದಾರಿ ಕಿರಿದಾಗಿ, ಒತ್ತಡ ಇಳಿದು, ಸೋಸುವಿಕೆ ತಗ್ಗುತ್ತದೆ. ಇಷ್ಟೇ ಆಗಿದ್ದರೆ ಮಾತ್ರೆ ನಿಲ್ಲಿಸಿದ ಮೇಲೆ ಬಹುತೇಕ ಹಿಂದಿರುಗುತ್ತದೆ. ಆದ್ದರಿಂದ ತಾಯಿಯ ವೈದ್ಯರಿಗೆ ತಿಳಿಸಿ ಅದನ್ನು ನಿಲ್ಲಿಸಿ, ಎರಡು ಮೂರು ವಾರದ ಮೇಲೆ ಕ್ರಿಯಾಟಿನಿನ್ ಮತ್ತೆ ನೋಡಿ.

ಮೂತ್ರದ "ಇಲ್ಲ" ಎಂಬುದು ಅದ್ದುವ ಪಟ್ಟಿಯ ಉತ್ತರ. ಮೂತ್ರ ತೆಳುವಾಗಿದ್ದಾಗ, ಆಲ್ಬುಮಿನ್ ಸ್ವಲ್ಪವೇ ಸೋರುತ್ತಿದ್ದಾಗ, ಆ ಪಟ್ಟಿಯ ಬಣ್ಣ ಬದಲಾಗುವುದಿಲ್ಲ. ಬೆಳಗಿನ ಮೊದಲ ಮೂತ್ರದಲ್ಲಿ ಆಲ್ಬುಮಿನ್–ಕ್ರಿಯಾಟಿನಿನ್ ಅನುಪಾತವನ್ನು ಮಾಡಿಸಿ. ಜ್ವರ ಅಥವಾ ಮೂತ್ರದ ಸೋಂಕು ಇರುವ ದಿನ ಬೇಡ.

ಕಬ್ಬಿಣದತೋಳು:
ನನ್ನದು ಇದಕ್ಕೆ ತಿರುಗುಮುರುಗು. ವಯಸ್ಸು 30, ಆರು ವರ್ಷದಿಂದ ಭಾರ ಎತ್ತುತ್ತಿದ್ದೇನೆ, ಕ್ರಿಯೇಟಿನ್ ಪುಡಿಯನ್ನೂ ತೆಗೆದುಕೊಳ್ಳುತ್ತಿದ್ದೆ. ಕ್ರಿಯಾಟಿನಿನ್ 1.4 ಬಂದು, ಇಜಿಎಫ್‌ಆರ್ 69 ಎಂದು ನೋಡಿ, ಒಂದು ಆಸ್ಪತ್ರೆಯಲ್ಲಿ "ಮೂತ್ರಪಿಂಡ ಕಾಯಿಲೆಯ ಆರಂಭ" ಎಂದು ಬರೆದುಕೊಟ್ಟರು. ಆರು ತಿಂಗಳು ನಿದ್ದೆಗೆಟ್ಟೆ. ಕೊನೆಗೆ ಬೇರೊಬ್ಬ ವೈದ್ಯರು ಸಿಸ್ಟಾಟಿನ್ ಸಿ ಎಂಬ ಪರೀಕ್ಷೆ ಮಾಡಿಸಿದರು. ಅದರ ಲೆಕ್ಕದಲ್ಲಿ 104 ಬಂದಿತು, ಮೂತ್ರದ ಆಲ್ಬುಮಿನ್ ಅನುಪಾತ 6. ಪುಡಿ ದೇಹದಲ್ಲಿ ಕ್ರಿಯಾಟಿನಿನ್ ಆಗಿಯೇ ಮಾರ್ಪಡುತ್ತದೆ ಎಂದು ನನಗೆ ಯಾರೂ ಹೇಳಿರಲಿಲ್ಲ. ಹಾಗಾಗಿ ಎಲ್ಲರೂ ಈ ಸಿಸ್ಟಾಟಿನ್ ಮಾಡಿಸಿಕೊಂಡುಬಿಡಿ, ಕ್ರಿಯಾಟಿನಿನ್ನನ್ನು ಮರೆತುಬಿಡಿ.

ಹಳೆಯಬೇರು:
ನಮ್ಮ ತಂದೆಯವರದು ನಿಮ್ಮದರ ಇನ್ನೊಂದು ತುದಿ. ಪಾರ್ಶ್ವವಾಯು ಆಗಿ ಎರಡು ವರ್ಷ ಹಾಸಿಗೆಯಲ್ಲಿದ್ದರು, ಕೈಕಾಲು ಕಡ್ಡಿಯಂತಾಗಿದ್ದವು. ಕ್ರಿಯಾಟಿನಿನ್ 0.7 ಎಂದು ನೋಡಿ ಎಲ್ಲರೂ ಮೂತ್ರಪಿಂಡ ಬಹಳ ಚೆನ್ನಾಗಿದೆ ಎಂದರು. ಒಂದು ಪ್ರತಿಜೀವಕದ ಪ್ರಮಾಣವನ್ನು ಆ ನಂಬಿಕೆಯ ಮೇಲೆಯೇ ನಿಗದಿ ಮಾಡಿದರು, ಅದು ಮೈಯಲ್ಲಿ ನಿಂತು ತೊಂದರೆಯಾಯಿತು. ಆಮೇಲೆ ಸಿಸ್ಟಾಟಿನ್ ನೋಡಿದಾಗ ಸೋಸುವಿಕೆ 48. ಹುಟ್ಟುವುದೇ ಇಷ್ಟಿಷ್ಟು ಆಗಿದ್ದಾಗ ರಕ್ತದಲ್ಲಿ ಶೇಖರವಾಗಲು ಉಳಿಯುವುದೇನು?

ಇಳಿಹೊಳೆ:
ನಿಮ್ಮಿಬ್ಬರ ಅನುಭವವನ್ನು ಅಕ್ಕಪಕ್ಕ ಇಟ್ಟರೆ ಪಾಠ ಹೇಳುವ ಅಗತ್ಯವೇ ಬೀಳುವುದಿಲ್ಲ. ಕಬ್ಬಿಣದತೋಳು ಅವರಿಗೆ ಒಂದು ತಿದ್ದುಪಡಿ ಮಾತ್ರ: ಸಿಸ್ಟಾಟಿನ್ ಸಿ ಸ್ನಾಯುವಿಗೆ ಹೆಚ್ಚು ಬಗ್ಗುವುದಿಲ್ಲವಾದರೂ ಥೈರಾಯ್ಡ್ ಏರುಪೇರು, ಸ್ಟೀರಾಯ್ಡ್ ಮಾತ್ರೆ, ಧೂಮಪಾನ, ಬೊಜ್ಜು, ಉರಿಯೂತ ಇವುಗಳಿಗೆ ಬಗ್ಗುತ್ತದೆ. ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿಯುವುದಕ್ಕಿಂತ ಎರಡನ್ನೂ ಸೇರಿಸಿದ ಸೂತ್ರವೇ ಸಾಮಾನ್ಯವಾಗಿ ನಿಜಕ್ಕೆ ಹತ್ತಿರ.

ಬೆಳಗಿನನಡಿಗೆ:
ನೀರಿನ ಬಗ್ಗೆ ಯಾರೂ ಉತ್ತರಿಸಲಿಲ್ಲ. ನನ್ನ ಕ್ರಿಯಾಟಿನಿನ್ 1.3 ಇದ್ದದ್ದು ನೀರು ಹೆಚ್ಚಿಸಿದ ಮೇಲೆ 1.1ಕ್ಕೆ ಬಂದಿದೆ. ಇದು ಸುಳ್ಳೇ?

ಗಾಜಿನನಳಿಕೆ:
ಸುಳ್ಳಲ್ಲ. ಆ ದಿನ ನೀವು ಒಣಗಿದ್ದಿರಿ, ಆಮೇಲೆ ಒಣಗಿರಲಿಲ್ಲ. ವಾಂತಿ, ಭೇದಿ, ಬಿಸಿಲಿನಲ್ಲಿ ದುಡಿತ ಆದ ಮೇಲೆ ಕೊಟ್ಟ ರಕ್ತದಲ್ಲಿ ಹೀಗಾಗುವುದನ್ನು ನಾವು ನೋಡುತ್ತಲೇ ಇರುತ್ತೇವೆ.

ಇಳಿಹೊಳೆ:
ಕೊರತೆಯನ್ನು ತುಂಬುವುದು ಬೇರೆ, ತುಂಬಿದ ಮೇಲೆ ಇನ್ನಷ್ಟು ಸುರಿಯುವುದು ಬೇರೆ. ಕೆನಡಾದಲ್ಲಿ ಮೂರನೆಯ ಹಂತದವರನ್ನೇ ಆರಿಸಿ, ಅರ್ಧದಷ್ಟು ಜನರಿಗೆ ಹೆಚ್ಚು ನೀರು ಕುಡಿಯುವಂತೆ ಒಂದು ವರ್ಷ ಹುರಿದುಂಬಿಸಿ ನೋಡಿದ್ದಾರೆ; 2018ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಇಜಿಎಫ್‌ಆರ್ ಇಳಿಯುವ ವೇಗ ಎರಡೂ ಗುಂಪಿನಲ್ಲಿ ಹೆಚ್ಚುಕಡಿಮೆ ಒಂದೇ ಆಗಿತ್ತು. ಬಾಯಾರಿಕೆಗೆ ತಕ್ಕಂತೆ ಕುಡಿಯಲಿ. ನಾಲ್ಕು ಲೀಟರ್ ಲೆಕ್ಕವನ್ನು ಹೃದಯದ ತೊಂದರೆ ಇರುವವರ ಮುಂದೆ ಮಾತ್ರ ದಯವಿಟ್ಟು ಹೇಳಬೇಡಿ.

ಬೆಳಗಿನನಡಿಗೆ:
ನನಗೆ ಗುಣ ಕೊಟ್ಟಿತು, ನಾನು ಕುಡಿಯುವೆ.

ನೀಲಿಪೆನ್ನು:
ಮೂರೂವರೆ ತಿಂಗಳ ಮೇಲೆ ಬರೆಯುತ್ತಿದ್ದೇನೆ, ತಡವಾದದ್ದಕ್ಕೆ ಕ್ಷಮೆಯಿರಲಿ. ಡೈಕ್ಲೊಫೆನಾಕ್ ನಿಲ್ಲಿಸಿ ಮೂರು ವಾರಕ್ಕೆ ಕ್ರಿಯಾಟಿನಿನ್ 1.0, ಇಜಿಎಫ್‌ಆರ್ 64 ಬಂದಿತು. ಮೂರು ತಿಂಗಳ ಮೇಲೆ ಮತ್ತೆ 1.0. ಮನೆಯಲ್ಲಿ ಎಲ್ಲರೂ ನಿಟ್ಟುಸಿರು ಬಿಟ್ಟೆವು, ಏಕೆಂದರೆ 60ರ ಗೆರೆ ದಾಟಿತಲ್ಲ. ಆದರೆ ಮೂತ್ರದ ಅನುಪಾತ ಮೊದಲ ಸಲ ಗ್ರಾಂಗೆ 65 ಮಿಲಿಗ್ರಾಂ, ಮೂರು ತಿಂಗಳ ಮೇಲೆ 58. ವೈದ್ಯರು ಈಗ "ಹೌದು, ದೀರ್ಘಕಾಲದ ಮೂತ್ರಪಿಂಡ ಕಾಯಿಲೆ ಇದೆ" ಎಂದು ಬರೆದಿದ್ದಾರೆ. ಸಂಖ್ಯೆ ಕೆಟ್ಟದಾಗಿದ್ದಾಗ "ಇರಲಿಕ್ಕಿಲ್ಲ" ಎಂದವರು ಸಂಖ್ಯೆ ಸುಧಾರಿಸಿದಾಗ "ಇದೆ" ಎನ್ನುತ್ತಾರೆ. ನನಗೆ ತಲೆ ತಿರುಗುತ್ತಿದೆ.

ಇಳಿಹೊಳೆ:
ನಿಮ್ಮ ವೈದ್ಯರು ಸರಿಯಾಗಿಯೇ ಬರೆದಿದ್ದಾರೆ. ನಿಮ್ಮ ಗೊಂದಲವೂ ಸಹಜ, ಏಕೆಂದರೆ ಎಲ್ಲರ ಕಣ್ಣೂ 60ರ ಮೇಲೆ ನೆಟ್ಟಿರುತ್ತದೆ. ಸೋಸುವಿಕೆ 60ಕ್ಕಿಂತ ಮೇಲಿದ್ದರೂ ಹಾನಿಯ ಬೇರೆ ಗುರುತು ಮೂರು ತಿಂಗಳು ಉಳಿದಿದ್ದರೆ ಅದು ಕಾಯಿಲೆಯೇ. ಆಲ್ಬುಮಿನ್ ಅನುಪಾತ 30 ದಾಟಿರುವುದು ಅಂಥದೊಂದು ಗುರುತು. ಆರೋಗ್ಯವಾದ ಸೋಸುಜಾಲ ಆಲ್ಬುಮಿನ್ನನ್ನು ಹೊರಗೆ ಬಿಡುವುದೇ ಅಪರೂಪ. ಕ್ರಿಯಾಟಿನಿನ್ ಹೇಳುವುದು ದಿನಕ್ಕೆ ಎಷ್ಟು ಸೋಸುತ್ತದೆ ಎಂಬುದನ್ನು, ಆಲ್ಬುಮಿನ್ ಹೇಳುವುದು ಜರಡಿಯ ಕಣ್ಣು ಹರಿದಿದೆಯೇ ಎಂಬುದನ್ನು. ಕೆಲವು ಕಣ್ಣುಗಳು ಹರಿದರೂ ಉಳಿದವು ಹೆಚ್ಚು ದುಡಿದು ಒಟ್ಟು ಲೆಕ್ಕವನ್ನು ವರ್ಷಗಟ್ಟಲೆ ಸರಿದೂಗಿಸಬಲ್ಲವು.

ಇದೇ ಕಾರಣಕ್ಕೆ, ಆಲ್ಬುಮಿನ್ ಸೋರದೆ 57ರಲ್ಲಿ ನಿಂತವರಿಗಿಂತ, 64ರಲ್ಲಿದ್ದು 65 ಮಿಲಿಗ್ರಾಂ ಸೋರುವವರ ಮೇಲೆ ನಾನು ಹೆಚ್ಚು ಕಣ್ಣಿಡುತ್ತೇನೆ.

ಸಂಶಯಾತ್ಮ:
ಒಂದು ವಿಷಯದಲ್ಲಿ ಮಾತ್ರ ನಾನು ಬಗ್ಗುವುದಿಲ್ಲ. ವಯಸ್ಸಾದಂತೆ ಸೋಸುವಿಕೆ ಇಳಿಯುವುದು ಕೂದಲು ನರೆಯುವಷ್ಟೇ ಸಹಜ. ಎಪ್ಪತ್ತೈದರ ಅಜ್ಜನಿಗೂ ಮೂವತ್ತರ ಮೊಮ್ಮಗನಿಗೂ ಒಂದೇ 60ರ ಗೆರೆ ಎಳೆದು, ಅಜ್ಜನಿಗೆ ರೋಗಿ ಎಂಬ ಹಣೆಪಟ್ಟಿ ಕಟ್ಟುವುದು ಯಾವ ನ್ಯಾಯ?

ಇಳಿಹೊಳೆ:
ಈ ಪ್ರಶ್ನೆಯ ಮೇಲೆ ನಮ್ಮಲ್ಲೇ ಒಮ್ಮತವಿಲ್ಲ. 65 ದಾಟಿದ, ಆಲ್ಬುಮಿನ್ ಸೋರದವರಿಗೆ ಗೆರೆಯನ್ನು 45ಕ್ಕೆ ಇಳಿಸಬೇಕೆಂದು ವಾದಿಸುವ ತಜ್ಞರಿದ್ದಾರೆ. ಕೆಡಿಗೊ ಎಂಬ ಅಂತರರಾಷ್ಟ್ರೀಯ ಮೂತ್ರಪಿಂಡ ತಜ್ಞರ ಸಂಸ್ಥೆಯ 2024ರ ಮಾರ್ಗಸೂಚಿ ಗೆರೆಯನ್ನು 60ರಲ್ಲೇ ಉಳಿಸಿಕೊಂಡಿದೆ; ಹಿರಿಯರಲ್ಲೂ 60ಕ್ಕಿಂತ ಕೆಳಗೆ ಅಪಾಯ ಏರುತ್ತದೆ, ಔಷಧದ ಪ್ರಮಾಣ ಬದಲಿಸಬೇಕಾಗುತ್ತದೆ ಎಂಬುದು ಆ ಪಕ್ಷದ ವಾದ. ವೈಯಕ್ತಿಕವಾಗಿ ನಾನು, 78 ವರ್ಷದವರು 54ರಲ್ಲಿ ವರ್ಷಗಳಿಂದ ಅಲುಗಾಡದೆ ನಿಂತಿದ್ದು ಆಲ್ಬುಮಿನ್ ಸೋರದಿದ್ದರೆ, "ಕಾಯಿಲೆ" ಎಂಬ ಪದವನ್ನು ಅವರ ಮುಂದೆ ಬಳಸುವುದಿಲ್ಲ. ನೋವಿನ ಮಾತ್ರೆಗಳಿಂದ ದೂರವಿರಿ ಎಂದು ಬರೆದು ಕಳುಹಿಸುತ್ತೇನೆ. ನನ್ನ ಸಹೋದ್ಯೋಗಿಗಳಲ್ಲಿ ಕೆಲವರು ಇದನ್ನು ಒಪ್ಪುವುದಿಲ್ಲ.

ಹಳೆಯಬೇರು:
ಪದವನ್ನು ಬಳಸದಿದ್ದರೆ ಮುಂದಿನ ವೈದ್ಯರು ಔಷಧ ಬರೆಯುವಾಗ ಎಚ್ಚರ ವಹಿಸುವುದು ಹೇಗೆ? ನಮ್ಮ ತಂದೆಯವರ ಕಡತದಲ್ಲಿ ಆ ಒಂದು ಪದ ಇದ್ದಿದ್ದರೆ ಸಾಕಿತ್ತು.

ಸಂಶಯಾತ್ಮ:
ಕಡತದಲ್ಲಿರಲಿ, ರೋಗಿಯ ತಲೆಯಲ್ಲಿ ಬೇಡ ಎನ್ನುತ್ತಿದ್ದೇನೆ.

ನೀಲಿಪೆನ್ನು:
ಮತ್ತೆ ತೊಂದರೆ ಕೊಡುತ್ತಿದ್ದೇನೆ. ಅಮ್ಮನಿಗೆ ಹಳೆಯ ರಕ್ತದೊತ್ತಡದ ಮಾತ್ರೆಯ ಜೊತೆಗೆ ಟೆಲ್ಮಿಸಾರ್ಟಾನ್ ಸೇರಿಸಿದರು, ಮೂತ್ರಪಿಂಡವನ್ನು ಕಾಪಾಡಲು ಎಂದರು. ಎರಡು ವಾರದ ಮೇಲೆ ಕ್ರಿಯಾಟಿನಿನ್ ನೋಡಿದರೆ 1.0 ಇದ್ದದ್ದು 1.1ಕ್ಕೆ ಏರಿದೆ! ಪೊಟ್ಯಾಸಿಯಂ 4.6. ಕಾಪಾಡುವ ಮಾತ್ರೆಯೇ ಸೋಸುವಿಕೆಯನ್ನು ಇಳಿಸುವುದಾದರೆ, ಡೈಕ್ಲೊಫೆನಾಕ್ ಮಾಡಿದ ತಪ್ಪೇನು? ಅಮ್ಮ ಆ ಮಾತ್ರೆಯನ್ನು ನಿಲ್ಲಿಸುವ ಯೋಚನೆಯಲ್ಲಿದ್ದಾರೆ.

ಇಳಿಹೊಳೆ:
ವೈದ್ಯರನ್ನು ಕೇಳದೆ ನಿಲ್ಲಿಸಬಾರದೆಂದು ಅವರಿಗೆ ಹೇಳಿ, ಆಮೇಲೆ ಇದನ್ನು ಓದಿಸಿ.

ಡೈಕ್ಲೊಫೆನಾಕ್ ಒಳದಾರಿಯನ್ನು ಕಿರಿದಾಗಿಸುತ್ತದೆ ಎಂದಿದ್ದೆ. ಟೆಲ್ಮಿಸಾರ್ಟಾನ್ ಹೊರದಾರಿಯನ್ನು ಸಡಿಲಗೊಳಿಸುತ್ತದೆ. ಎರಡರಲ್ಲೂ ಒಳಗಿನ ಒತ್ತಡ ಇಳಿಯುತ್ತದೆ, ಕ್ರಿಯಾಟಿನಿನ್ ಸ್ವಲ್ಪ ಏರುತ್ತದೆ. ಕಾಗದದ ಮೇಲೆ ಎರಡೂ ಒಂದೇ ಆಗಿ ಕಾಣುತ್ತವೆ. ವ್ಯತ್ಯಾಸವಿರುವುದು ರಕ್ತ ಸರಬರಾಜಿನಲ್ಲಿ. ಮೊದಲನೆಯದು ಒಳಬರುವ ರಕ್ತವನ್ನೇ ಬಿಗಿಹಿಡಿಯುತ್ತದೆ. ಎರಡನೆಯದು ರಕ್ತವನ್ನು ಬರಲು ಬಿಟ್ಟು, ಹರಿದ ಜರಡಿಯ ಮೇಲೆ ಹಗಲಿರುಳು ಬೀಳುತ್ತಿದ್ದ ಅತಿಯೊತ್ತಡವನ್ನು ಮಾತ್ರ ತಗ್ಗಿಸುತ್ತದೆ, ಆದ್ದರಿಂದ ಸೋರಿಕೆಯೂ ತಗ್ಗುತ್ತದೆ. ಆರಂಭದಲ್ಲಿ ಸಂಖ್ಯೆ ಸ್ವಲ್ಪ ಇಳಿದರೂ ಮುಂದಿನ ವರ್ಷಗಳ ಇಳಿಜಾರು ನಿಧಾನವಾಗುತ್ತದೆ.

ಈ ಮಾತ್ರೆ ಶುರುಮಾಡಿದ ನಾಲ್ಕು ವಾರದೊಳಗೆ ಕ್ರಿಯಾಟಿನಿನ್ ಶೇಕಡ 30ರವರೆಗೆ ಏರಿದರೆ ನಾವು ಮುಂದುವರಿಸುತ್ತೇವೆ. ನಿಮ್ಮ ತಾಯಿಯದು ಶೇಕಡ 10, ಪೊಟ್ಯಾಸಿಯಂ ಸಹ ಹದದಲ್ಲಿದೆ. 30ನ್ನು ಮೀರಿದ್ದರೆ ಮೂತ್ರಪಿಂಡಕ್ಕೆ ಹೋಗುವ ದೊಡ್ಡ ರಕ್ತನಾಳವೇ ಕಿರಿದಾಗಿದೆಯೇ, ದೇಹ ಒಣಗಿದೆಯೇ, ನೋವಿನ ಮಾತ್ರೆ ಗುಟ್ಟಾಗಿ ಮುಂದುವರಿದಿದೆಯೇ ಎಂದು ಹುಡುಕುತ್ತಿದ್ದೆವು.

ನಿಜವಾದ ಅಪಾಯ ಬೇರೆ ಕಡೆ ಇದೆ. ಟೆಲ್ಮಿಸಾರ್ಟಾನ್ ಇರುವಾಗಲೇ ಮಂಡಿ ನೋವೆಂದು ಡೈಕ್ಲೊಫೆನಾಕ್ ನುಂಗಿದರೆ ಒಳದಾರಿ ಕಿರಿದು, ಹೊರದಾರಿ ಸಡಿಲ. ಸೋಸಲು ಬೇಕಾದ ಒತ್ತಡವೇ ಉಳಿಯುವುದಿಲ್ಲ. ಅದರ ಮೇಲೆ ಮೂತ್ರ ಹೆಚ್ಚಿಸುವ ಮಾತ್ರೆಯೋ ಎರಡು ದಿನದ ಭೇದಿಯೋ ಸೇರಿದರೆ ಒಂದು ವಾರದಲ್ಲಿ ಕ್ರಿಯಾಟಿನಿನ್ 3 ಆಗಿ ಬಂದವರನ್ನು ನೋಡಿದ್ದೇನೆ. ವಾಂತಿ ಭೇದಿ ಜೋರಾದ ದಿನಗಳಲ್ಲಿ ಟೆಲ್ಮಿಸಾರ್ಟಾನನ್ನು ತಾತ್ಕಾಲಿಕವಾಗಿ ಬಿಡಬೇಕೇ ಎಂದು ವೈದ್ಯರನ್ನು ಈಗಲೇ ಕೇಳಿ, ಚೀಟಿಯಲ್ಲಿ ಬರೆಸಿಕೊಳ್ಳಿ.

ತುಂಬೆಹೂ:
ಹಾಗಾದರೆ ಮಂಡಿ ನೋವಿಗೆ ಏನು ಮಾಡಬೇಕು? ನೋವಿರುವುದು ನಿಜ ತಾನೆ.

ಇಳಿಹೊಳೆ:
ಪ್ಯಾರಾಸಿಟಮಾಲ್, ಮಿತಿಯೊಳಗೆ. ತೊಡೆಯ ಮುಂಭಾಗದ ಸ್ನಾಯುವನ್ನು ಬಲಪಡಿಸುವ ವ್ಯಾಯಾಮ. ಚರ್ಮಕ್ಕೆ ಹಚ್ಚುವ ಲೇಪ ರಕ್ತಕ್ಕೆ ಸೇರುವುದು ಕಡಿಮೆ, ಆದರೂ ದಿನವೂ ಹೆಚ್ಚು ಜಾಗಕ್ಕೆ ಹಚ್ಚುವುದಾದರೆ ವೈದ್ಯರಿಗೆ ತಿಳಿಸಿರಲಿ. ನೋವನ್ನು ನುಂಗಿಕೊಂಡಿರಿ ಎಂದು ಯಾರಿಗೂ ಹೇಳಲಾರೆ.

ನೀಲಿಪೆನ್ನು:
ಗಾಜಿನನಳಿಕೆ ಅವರ ಮಾತು ನೆನಪಾಗಿ ಪರೀಕ್ಷಾಲಯಕ್ಕೆ ಹೋಗಿ ಯಂತ್ರದ ಪೂರ್ತಿ ಸಂಖ್ಯೆ ಕೇಳಿದೆ. ಸ್ವಲ್ಪ ಗೊಣಗಿದರು, ಆದರೆ ಕೊಟ್ಟರು. ಮಾತ್ರೆಗೆ ಮೊದಲಿನ "1.0" ನಿಜಕ್ಕೂ 1.02, ಮಾತ್ರೆಯ ಮೇಲಿನ "1.1" ನಿಜಕ್ಕೂ 1.08.

ಗಾಜಿನನಳಿಕೆ:
ಅಲ್ಲಿಗೆ ಏರಿಕೆ ಶೇಕಡ 10 ಅಲ್ಲ, 6. ಬೇರೆ ದಿನ ಬಂದು ಮಾತ್ರೆಯಿಲ್ಲದೆಯೇ ರಕ್ತ ಕೊಟ್ಟಿದ್ದರೂ ಬರಬಹುದಾದಷ್ಟು ವ್ಯತ್ಯಾಸ. ಮುಂದಿನ ಪರೀಕ್ಷೆಗಳನ್ನು ಅದೇ ಪರೀಕ್ಷಾಲಯದಲ್ಲೇ ಮಾಡಿಸಿ. ಕ್ರಿಯಾಟಿನಿನ್ ಅಳೆಯುವ ವಿಧಾನ ಎರಡು ಬಗೆ ಇದೆ, ಹಳೆಯ ಬಗೆಯಲ್ಲಿ ರಕ್ತದ ಬೇರೆ ವಸ್ತುಗಳೂ ಸ್ವಲ್ಪ ಬಣ್ಣ ಕೊಡುತ್ತವೆ.

ನೀಲಿಪೆನ್ನು:
ಮಾತ್ರೆ ಮುಂದುವರಿದಿದೆ. ಮೂರು ತಿಂಗಳ ಮೇಲಿನ ಮೂತ್ರದ ಅನುಪಾತ 31. ಇನ್ನೊಂದೇ ಪ್ರಶ್ನೆ ಉಳಿದಿದೆ: ಇದನ್ನೆಲ್ಲ ತಂದದ್ದು ಹತ್ತು ವರ್ಷದ ರಕ್ತದೊತ್ತಡವೋ, ನಮಗೆ ಲೆಕ್ಕಕ್ಕೆ ಸಿಗದ ನೋವಿನ ಮಾತ್ರೆಗಳೋ?

ಇಳಿಹೊಳೆ:
58ರಿಂದ 31 ಒಳ್ಳೆಯ ಇಳಿಕೆ. ಕಾರಣದ ಬಗ್ಗೆ: ಡೈಕ್ಲೊಫೆನಾಕ್ ನಿಲ್ಲಿಸಿದಾಗ ಹಿಂದಿರುಗಿದ ಏಳು ಅಂಕ ಅದರ ಪಾಲು ಎನ್ನಬಹುದು. 85ರಿಂದ 64ರ ನಡುವಿನ ಉಳಿದ ಇಳಿಕೆಗೆ ರಕ್ತದೊತ್ತಡದ ಮೇಲೆ ನನ್ನ ಸಂಶಯ, ಆದರೆ ಖಚಿತವಾಗಿ ಹೇಳಲು ಮೂತ್ರಪಿಂಡದ ತುಣುಕನ್ನು ತೆಗೆದು ನೋಡಬೇಕು. ಇಷ್ಟು ಸ್ಥಿರವಾಗಿರುವವರಲ್ಲಿ ಅದನ್ನು ಮಾಡುವುದಿಲ್ಲ. ಅಲ್ಲದೆ 85 ಎಂಬುದು ಒಂದೇ ಒಂದು ಹಳೆಯ ಪರೀಕ್ಷೆಯಿಂದ ಬಂದದ್ದು. ಆ 0.8 ಕೂಡ 0.84 ಆಗಿದ್ದಿರಬಹುದಲ್ಲವೇ?

ಗಾಜಿನನಳಿಕೆ:
0.84 ಆಗಿದ್ದರೆ 80. ಮೂರು ವರ್ಷ ಹಿಂದಿನ ದಾಖಲೆ ಯಂತ್ರದಲ್ಲಿ ಉಳಿದಿದ್ದರೆ ಕೇಳಿ ನೋಡಿ, ಈ ಸಲ ಹೆಚ್ಚು ಗೊಣಗುತ್ತಾರೆ.